ಮರುಮಾತಿನ ಋಣ: ಶಾಂತಿ ಕೋರುವ ವಂದನೆಗಳನ್ನು ಕುರಿತು



ಈ ವರ್ಷದ ಉಪನ್ಯಾಸಕ್ಕೆ ‘ಧರ್ಮಗಳಲ್ಲಿ ಶಾಂತಿ’ ಎಂಬ ದೊಡ್ಡ ವಿಷಯವನ್ನು ನನಗೆ ಸೂಚಿಸಿದ್ದರು. ಅದು ನನ್ನ ಅಳವಿಗೆ ಮೀರಿದ್ದು. ಅದರಲ್ಲೇ ಒಂದು ಸಣ್ಣ ತುಂಡನ್ನು ಕೇಳಿ ಪಡೆದುಕೊಂಡೆ. ಇಬ್ಬರು ಎದುರಾದಾಗ ಒಬ್ಬರು ಇನ್ನೊಬ್ಬರಿಗೆ ಶಾಂತಿ ಕೋರುವ ವಂದನೆ ಯಹೂದಿ, ಕ್ರೈಸ್ತ, ಇಸ್ಲಾಂ ಸಂಪ್ರದಾಯಗಳಲ್ಲಿದೆ. ಅದಕ್ಕೆ ಹತ್ತಿರದ ಮಾತುಗಳು ನಮ್ಮಲ್ಲೂ ಇವೆ. ಈ ವಂದನೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮೊದಲು ಆಡುವವನ ಮಾತನ್ನೇ ವಿವರಿಸುತ್ತಾರೆ. ನನಗೆ ಕುತೂಹಲ ಹುಟ್ಟಿಸಿದ್ದು ಎರಡನೆಯವನ ಮಾತು. ಹಳೆಯ ಶಾಸ್ತ್ರಕಾರರು, ವೈಯಾಕರಣರು, ನ್ಯಾಯವೇತ್ತರು ವಂದನೆಗಿಂತ ಮರುವಂದನೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡಿದ್ದಾರೆ. ಮೊದಲ ಮಾತು ಹೇಳುವವನ ಇಷ್ಟ; ಅದು ಕಿವಿಗೆ ಬಿದ್ದ ಮೇಲೆ ಕೇಳಿದವನ ಮೇಲೊಂದು ಹೊಣೆ ಕೂರುತ್ತದೆ. ಆ ಹೊಣೆಯನ್ನು ಬೇರೆ ಬೇರೆ ಜನ ಹೇಗೆ ತೀರಿಸಿದರು, ಎಲ್ಲಿ ಜಗಳ ಮಾಡಿಕೊಂಡರು ಎಂಬುದಷ್ಟೇ ಇವತ್ತಿನ ಮಾತು.

ಹೀಬ್ರೂವಿನಿಂದ ಶುರು ಮಾಡೋಣ. ‘ಶಾಲೋಮ್’ ಎಂದರೆ ಶಾಂತಿ ಎಂದು ಎಲ್ಲರೂ ಕೇಳಿರುತ್ತೀರಿ. ಅದರ ಧಾತುವಿನಲ್ಲಿ ಕೊರತೆಯಿಲ್ಲದೆ ಪೂರ್ಣವಾಗಿರುವುದು ಎಂಬ ಅರ್ಥವಿದೆ. ಅದೇ ಧಾತುವಿನಿಂದ ಸಾಲ ತೀರಿಸು, ಬಾಕಿ ಸಲ್ಲಿಸು ಎಂಬ ಕ್ರಿಯಾಪದವೂ ಹುಟ್ಟಿದೆ. ಹಾಗಾಗಿ ಹೀಬ್ರೂ ಬೈಬಲಿನಲ್ಲಿ ಈ ಪದ ವಂದನೆಯಾಗಿ ಬರುವ ಎಷ್ಟೋ ಕಡೆ ಅದು ಹಾರೈಕೆಗಿಂತ ಪ್ರಶ್ನೆಯಾಗಿ ಬರುತ್ತದೆ: ಎಲ್ಲ ಸರಿಯಿದೆಯೇ? ನಮ್ಮ ‘ಕ್ಷೇಮವೇ’ ಎಂಬ ಪ್ರಶ್ನೆಗೆ ಅದು ಹತ್ತಿರ. ಯೋಸೇಫನು ಈಜಿಪ್ಟಿನಲ್ಲಿ ತನ್ನ ಗುರುತು ಸಿಗದ ಅಣ್ಣಂದಿರನ್ನು ತಂದೆಯ ಶಾಲೋಮ್ ಕೇಳುತ್ತಾನೆ. ದಾವೀದನು ರಣರಂಗದಿಂದ ಕರೆಸಿಕೊಂಡ ಊರೀಯನ ಹತ್ತಿರ ಸೇನಾಪತಿ ಯೋವಾಬನ ಶಾಲೋಮ್ ಕೇಳಿ, ಜನರ ಶಾಲೋಮ್ ಕೇಳಿ, ಕೊನೆಗೆ ಯುದ್ಧದ ಶಾಲೋಮನ್ನೂ ಕೇಳುತ್ತಾನೆ. ಯುದ್ಧದ ಕ್ಷೇಮಸಮಾಚಾರ! ಆ ಹೊತ್ತಿಗೆ ದಾವೀದ ಊರೀಯನ ಹೆಂಡತಿಯನ್ನು ಕೆಡಿಸಿಯಾಗಿದೆ. ಮುಂದೆ ಊರೀಯನನ್ನು ಕೊಲ್ಲಿಸಲಿದ್ದಾನೆ. ಮೂರು ಸಲ ಶಾಂತಿಯ ಪದ ಆಡಿದ ಬಾಯಿಯ ಹಿಂದೆ ಏನಿತ್ತೆಂಬುದನ್ನು ಕಥೆ ಬರೆದವನು ಎತ್ತಿ ಹೇಳುವುದಿಲ್ಲ, ಓದುಗನಿಗೇ ಬಿಡುತ್ತಾನೆ.

ಪ್ರಶ್ನೆ ಎಂದ ಮೇಲೆ ಉತ್ತರ ಬೇಕು. ಉತ್ತರದ ವಿಷಯಕ್ಕೆ ನನಗೆ ಬಹಳ ಮುಖ್ಯವೆನಿಸುವುದು ಎರಡನೆಯ ಅರಸುಗಳ ಗ್ರಂಥದಲ್ಲಿ ಬರುವ ಶೂನೇಮ್ ಊರಿನ ಹೆಣ್ಣಿನ ಕಥೆ. ಬಹುಕಾಲ ಮಕ್ಕಳಿಲ್ಲದವಳಿಗೆ ಪ್ರವಾದಿ ಎಲೀಷನ ಮಾತಿನಿಂದ ಒಬ್ಬ ಮಗ ಹುಟ್ಟುತ್ತಾನೆ. ಹುಡುಗ ಬೆಳೆದು, ಒಂದು ದಿನ ಸುಗ್ಗಿಯ ಹೊಲದಲ್ಲಿ ತಲೆನೋವೆಂದು ಕೂಗಿ, ಮಧ್ಯಾಹ್ನದ ಹೊತ್ತಿಗೆ ತಾಯಿಯ ತೊಡೆಯ ಮೇಲೆ ಸಾಯುತ್ತಾನೆ. ಅವಳು ಹೆಣವನ್ನು ಪ್ರವಾದಿಗೆಂದು ಕಟ್ಟಿಸಿದ್ದ ಮಹಡಿಯ ಕೋಣೆಯಲ್ಲಿ ಮಲಗಿಸಿ, ಬಾಗಿಲು ಮುಚ್ಚಿ, ಕತ್ತೆಗೆ ತಡಿ ಹಾಕಿಸುತ್ತಾಳೆ. ಗಂಡ ಕೇಳುತ್ತಾನೆ: ಇವತ್ತು ಅಮಾವಾಸ್ಯೆಯ ಹಬ್ಬವೂ ಅಲ್ಲ, ಸಬ್ಬತ್ತೂ ಅಲ್ಲ, ಪ್ರವಾದಿಯ ಹತ್ತಿರ ಯಾಕೆ ಹೊರಟೆ? ಅವಳ ಉತ್ತರ ಒಂದೇ ಪದ, ಶಾಲೋಮ್. ಕರ್ಮೆಲ್ ಬೆಟ್ಟದ ಹತ್ತಿರ ಎಲೀಷನ ಸೇವಕ ಗೇಹಜಿ ಎದುರು ಓಡಿಬಂದು ಕೇಳುತ್ತಾನೆ: ನಿನಗೆ ಶಾಲೋಮೇ, ಗಂಡನಿಗೆ ಶಾಲೋಮೇ, ಮಗುವಿಗೆ ಶಾಲೋಮೇ? ಮತ್ತೆ ಅದೇ ಉತ್ತರ, ಶಾಲೋಮ್. ಪ್ರವಾದಿಯ ಕಾಲು ಹಿಡಿದ ಮೇಲೆ ಮಾತ್ರ ಅವಳ ಬಾಯಿಂದ ನಿಜ ಹೊರಬೀಳುತ್ತದೆ.

ಇದನ್ನು ಸುಳ್ಳು ಎನ್ನಲಾಗದು. ವಂದನೆಯ ಪ್ರಶ್ನೆಗೆ ವಂದನೆಯ ಉತ್ತರ. ಅದಕ್ಕಿಂತ ಹೆಚ್ಚಿನದನ್ನು ದಾರಿಯಲ್ಲಿ ಎದುರಾದವನಿಗೆ ಅವಳು ಕೊಡಬೇಕಾಗಿಲ್ಲ. ‘ಹೇಗಿದ್ದೀರಿ’ ಎಂದವರಿಗೆಲ್ಲ ನಾವು ‘ಚೆನ್ನಾಗಿದ್ದೀವಿ’ ಎನ್ನುವುದೂ ಇದೇ ಒಪ್ಪಂದದ ಮೇಲೆ. ಕಥೆ ಅಲ್ಲಿಗೇ ನಿಲ್ಲದೆ ಇನ್ನೊಂದು ವಿವರ ಕೊಡುತ್ತದೆ. ಎಲೀಷನು ಗೇಹಜಿಯ ಕೈಗೆ ತನ್ನ ಕೋಲು ಕೊಟ್ಟು ಹುಡುಗನ ಹತ್ತಿರ ಓಡಿಸುವಾಗ ಹೇಳುತ್ತಾನೆ: ದಾರಿಯಲ್ಲಿ ಯಾರನ್ನೂ ವಂದಿಸಬೇಡ, ಯಾರಾದರೂ ವಂದಿಸಿದರೆ ಉತ್ತರ ಕೊಡಬೇಡ. ವಂದನೆಗೆ ಸಮಯ ಹಿಡಿಯುತ್ತಿತ್ತು ಎಂಬುದೂ, ಉತ್ತರಿಸದೇ ಹೋಗುವುದಕ್ಕೆ ಪ್ರವಾದಿಯ ಅಪ್ಪಣೆಯೇ ಬೇಕಿತ್ತು ಎಂಬುದೂ ಇದರಿಂದ ತಿಳಿಯುತ್ತದೆ. ಜೀವ ಉಳಿಸುವ ಕೆಲಸಕ್ಕೆ ಮಾತ್ರ ಆ ವಿನಾಯಿತಿ.

ಅದೇ ಗ್ರಂಥದಲ್ಲಿ ಕೆಲವು ಅಧ್ಯಾಯ ಮುಂದೆ ಹೋದರೆ ಇದರ ಕ್ರೂರ ರೂಪವಿದೆ. ದಂಗೆಯೆದ್ದ ಯೇಹು ರಥ ಓಡಿಸಿಕೊಂಡು ಇಜ್ರೇಲ್ ಊರಿಗೆ ಬರುತ್ತಿದ್ದಾನೆ. ಅರಸ ಯೋರಾಮ ಕುದುರೆ ಸವಾರನನ್ನು ಕಳಿಸಿ ಕೇಳಿಸುತ್ತಾನೆ, ಶಾಲೋಮೇ? ಶಾಲೋಮ್ ಕಟ್ಟಿಕೊಂಡು ನಿನಗೇನಾಗಬೇಕು, ನನ್ನ ಹಿಂದೆ ಬಾ ಎಂದು ಯೇಹು ಅವನನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಾನೆ. ಎರಡನೆಯ ಸವಾರನಿಗೂ ಅದೇ ಉತ್ತರ. ಕೊನೆಗೆ ಅರಸನೇ ಬಂದು ಕೇಳಿದಾಗ ಉತ್ತರವಾಗಿ ಬಾಣ ಬರುತ್ತದೆ. ಮರುವಂದನೆ ಸಿಗದಿದ್ದರೆ ಎದುರಿನವನು ಶತ್ರು ಎಂಬುದು ಆ ಕಾಲದ ರಸ್ತೆಯ ನಿಯಮ. ಶಾಂತಿಯ ವಂದನೆ ಹುಟ್ಟಿದ್ದು ಸೌಜನ್ಯದಿಂದ ಎನ್ನುವುದಕ್ಕಿಂತ ಭಯದಿಂದ ಎಂದು ನನಗೆ ಅನಿಸುವುದು ಇಂಥ ಕಥೆಗಳಿಂದಾಗಿ. ನನ್ನಿಂದ ನಿನಗೆ ಕೇಡಿಲ್ಲ ಎಂದು ಬರುವವನು ಮೊದಲು ಹೇಳಬೇಕು. ನನ್ನಿಂದಲೂ ನಿನಗಿಲ್ಲ ಎಂದು ಇರುವವನು ಹೇಳುವವರೆಗೆ ಇಬ್ಬರ ಕೈಯೂ ಕತ್ತಿಯ ಹಿಡಿಯ ಮೇಲೆ.

ಮುಂದೆ ರಬ್ಬಿಗಳ ಕಾಲಕ್ಕೆ ಬಂದಾಗ ಕತ್ತಿ ಹೋಗಿ ಕಾನೂನು ಬಂದಿತು. ಟಾಲ್ಮುಡ್ಡಿನ ಬೆರಾಖೋತ್ ಭಾಗದಲ್ಲಿ ಒಂದು ಕಟು ಮಾತಿದೆ: ವಂದಿಸಿದವನಿಗೆ ಮರುವಂದನೆ ಕೊಡದವನನ್ನು ದರೋಡೆಕೋರ ಎಂದು ಕರೆಯಬೇಕು. ಒರಟ, ಗರ್ವಿಷ್ಠ ಎಂದು ಬೈದು ಬಿಡಬಹುದಿತ್ತು. ದರೋಡೆಕೋರ ಯಾಕೆ? ವಂದನೆ ಕೈ ಬದಲಾಯಿಸುವ ಸೊತ್ತು ಎಂದು ಅವರು ಬಗೆದದ್ದರಿಂದ. ಅವನು ಕೊಟ್ಟದ್ದು ನಿನ್ನ ಹತ್ತಿರ ಬಂದಿದೆ, ಅವನಿಗೆ ಸಲ್ಲಬೇಕಾದದ್ದನ್ನು ನೀನು ಇಟ್ಟುಕೊಂಡೆ. ಪದದ ಧಾತುವಿನಲ್ಲೇ ಬಾಕಿ ತೀರಿಸುವ ಅರ್ಥವಿತ್ತು ಎಂದೆನಲ್ಲ, ಅದು ಇಲ್ಲಿ ಕಾನೂನಾಯಿತು. ಒಂದನೆಯ ಶತಮಾನದ ರಬ್ಬಿ ಯೋಹಾನಾನ್ ಬೆನ್ ಜಕ್ಕೈ ಅವರನ್ನು ಯಾರೂ ಮೊದಲು ವಂದಿಸಲು ಆಗುತ್ತಲೇ ಇರಲಿಲ್ಲವಂತೆ. ಸಂತೆಯಲ್ಲಿ ಎದುರಾದ ಅನ್ಯಧರ್ಮೀಯನಿಗೂ ಅವರೇ ಮೊದಲು ಹೇಳಿಬಿಡುತ್ತಿದ್ದರು. ಮೊದಲು ಹೇಳುವವನಿಗೆ ಋಣವಿಲ್ಲ. ಅದು ಅವರ ಜಾಣತನವೂ ಹೌದು, ದೊಡ್ಡತನವೂ ಹೌದು.

‘ಶಾಲೋಮ್ ಅಲೇಖೆಮ್’ ಎಂದರೆ ನಿಮ್ಮ ಮೇಲೆ ಶಾಂತಿ. ಉತ್ತರ ‘ಅಲೇಖೆಮ್ ಶಾಲೋಮ್’, ಅಂದರೆ ಪದಗಳ ಕ್ರಮ ತಿರುವುಮುರುವು. ಮೊದಲಿನವನ ವಾಕ್ಯ ಶಾಂತಿಯಿಂದ ಶುರುವಾಗುತ್ತದೆ, ಎರಡನೆಯವನದು ಶಾಂತಿಯಲ್ಲಿ ಮುಗಿಯುತ್ತದೆ. ನಡುವೆ ಸಿಕ್ಕುವುದು ಇಬ್ಬರು ಮನುಷ್ಯರು. ಅರಬ್ಬಿಯಲ್ಲೂ ಇದೇ ವಿನ್ಯಾಸವಿದೆ; ಅದರ ಕಡೆಗೆ ಆಮೇಲೆ ಬರೋಣ. ಅದಕ್ಕೆ ಮೊದಲು ಎರಡು ನಿಷೇಧಗಳನ್ನು ಹೇಳಿಬಿಡಬೇಕು. ಸ್ನಾನಗೃಹದಲ್ಲಿ ಶಾಲೋಮ್ ಹೇಳಬಾರದು, ಏಕೆಂದರೆ ಅದು ದೇವರ ಹೆಸರುಗಳಲ್ಲೊಂದು. ಸಾವಿನ ಮನೆಯಲ್ಲಿ ಏಳು ದಿನದ ಶೋಕದಲ್ಲಿರುವವರಿಗೂ ಹೇಳಬಾರದು. ಎಲ್ಲ ಸರಿಯಿದೆ ಎಂಬ ಉತ್ತರವನ್ನು ಆ ಮನೆಯವರ ಬಾಯಿಂದ ಕೀಳುವುದು ಸಲ್ಲದು. ಶೂನೇಮಿನ ತಾಯಿ ಅನುಭವಿಸಿದ ಇಕ್ಕಟ್ಟನ್ನು ಈ ನಿಯಮ ಎಲ್ಲ ತಾಯಂದಿರಿಗೂ ತಪ್ಪಿಸುತ್ತದೆ.

ಇನ್ನು ಸಲಾಂ. ಈ ವಿಷಯದಲ್ಲಿ ಇಸ್ಲಾಮಿನಷ್ಟು ಬಿಡಿಬಿಡಿಯಾಗಿ ವಿಚಾರ ಮಾಡಿದ ಧರ್ಮ ಇನ್ನೊಂದನ್ನು ನಾನು ಕಂಡಿಲ್ಲ. ಮುಖ್ಯ ಆಧಾರ ಕುರ್‌ಆನಿನ ನಾಲ್ಕನೆಯ ಅಧ್ಯಾಯದ 86ನೆಯ ಸೂಕ್ತ. ನಿಮಗೆ ಯಾರಾದರೂ ವಂದಿಸಿದರೆ ಅದಕ್ಕಿಂತ ಉತ್ತಮವಾದದ್ದರಿಂದ ಪ್ರತಿವಂದಿಸಿ, ಇಲ್ಲವೇ ಕನಿಷ್ಠ ಅಷ್ಟನ್ನಾದರೂ ಹಿಂದಿರುಗಿಸಿ ಎಂಬುದು ಅದರ ತಾತ್ಪರ್ಯ. ಅಲ್ಲಾಹನು ಎಲ್ಲದರ ಲೆಕ್ಕ ಇಡುತ್ತಾನೆ ಎಂದು ಸೂಕ್ತ ಮುಗಿಯುತ್ತದೆ. ಇದರಿಂದ ನ್ಯಾಯವೇತ್ತರು ತೆಗೆದ ನಿಯಮ ಸ್ವಾರಸ್ಯವಾಗಿದೆ. ಸಲಾಂ ಹೇಳುವುದು ಸುನ್ನತ್, ಅಂದರೆ ಮಾಡಿದರೆ ಪುಣ್ಯ. ಉತ್ತರಿಸುವುದು ಕಡ್ಡಾಯ. ಗುಂಪಿಗೆ ಹೇಳಿದರೆ ಗುಂಪಿನಲ್ಲೊಬ್ಬರು ಉತ್ತರಿಸಿದರೆ ಎಲ್ಲರ ಹೊಣೆ ಇಳಿಯಿತು, ಯಾರೂ ಉತ್ತರಿಸದಿದ್ದರೆ ಎಲ್ಲರೂ ತಪ್ಪಿತಸ್ಥರು. ಕಾಗದದಲ್ಲಿ ಬಂದ ಸಲಾಮಿಗೂ ಉತ್ತರ ಸಲ್ಲಬೇಕು. ನಮ್ಮ ಹಿರಿಯರ ಪತ್ರಗಳ ಮೊದಲ ಸಾಲು ‘ಉಭಯ ಕುಶಲೋಪರಿ’ ಎಂದಿರುತ್ತಿತ್ತಲ್ಲ, ಆ ‘ಉಭಯ’ದಲ್ಲಿ ಕೊಡುಕೊಳೆ ಎರಡೂ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತಿತ್ತು. ಕಾಗದದಲ್ಲಿ ಮಿತವ್ಯಯ ಮಾಡುವ ಕಲೆ ನಮಗೆ ಗೊತ್ತಿತ್ತು.

ಉತ್ತಮವಾದದ್ದರಿಂದ ಪ್ರತಿವಂದಿಸುವುದು ಹೇಗೆ? ಹದೀಸ್ ಸಂಗ್ರಹಗಳಲ್ಲಿ ಒಂದು ಪ್ರಸಂಗವಿದೆ. ಪ್ರವಾದಿಗಳು ಕೂತಿದ್ದಾಗ ಒಬ್ಬ ಬಂದು ‘ಅಸ್ಸಲಾಮು ಅಲೈಕುಂ’ ಎಂದ. ಅವರು ಉತ್ತರಿಸಿ ‘ಹತ್ತು’ ಎಂದರು. ಎರಡನೆಯವನು ಅದಕ್ಕೆ ‘ವ ರಹ್ಮತುಲ್ಲಾಹ್’, ಅಲ್ಲಾಹನ ಕರುಣೆಯೂ ಇರಲಿ ಎಂದು ಸೇರಿಸಿದ. ‘ಇಪ್ಪತ್ತು.’ ಮೂರನೆಯವನು ‘ವ ಬರಕಾತುಹೂ’, ಅವನ ಸಮೃದ್ಧಿಯೂ ಇರಲಿ ಎಂದು ಇನ್ನಷ್ಟು ಸೇರಿಸಿದ. ‘ಮೂವತ್ತು.’ ಪುಣ್ಯದ ಲೆಕ್ಕ ಅದು. ಹಾಗಾಗಿ ಬರಿಯ ಸಲಾಮಿಗೆ ಕರುಣೆಯನ್ನು, ಕರುಣೆಯ ಸಲಾಮಿಗೆ ಸಮೃದ್ಧಿಯನ್ನು ಸೇರಿಸಿ ಹಿಂದಿರುಗಿಸಬಹುದು. ಆದಮನು ದೇವದೂತರಿಗೆ ಮೊದಲ ಸಲಾಂ ಹೇಳಿದಾಗ ಅವರು ಕರುಣೆಯ ಮಾತನ್ನು ಸೇರಿಸಿ ಉತ್ತರಿಸಿದರು ಎಂಬ ಕಥೆಯೂ ಬುಖಾರಿಯವರ ಸಂಗ್ರಹದಲ್ಲಿದೆ. ಅಂದರೆ ಮನುಷ್ಯ ಆಡಿದ ಮೊದಲ ವಂದನೆಗೇ ಬಡ್ಡಿ ಸೇರಿ ಹಿಂದಕ್ಕೆ ಬಂತು. ಬಡ್ಡಿ ನಿಷೇಧಿಸಿದ ಧರ್ಮದಲ್ಲಿ ಒಪ್ಪಿತವಾದ ಬಡ್ಡಿ ಇದೊಂದೇ ಇರಬೇಕು ಎಂದು ತಮಾಷೆಗೆ ಹೇಳಬಹುದು.

ಯಾರು ಮೊದಲು ಹೇಳಬೇಕು ಎಂಬುದಕ್ಕೂ ನಿಯಮವಿದೆ. ಸವಾರಿಯಲ್ಲಿರುವವನು ನಡೆಯುವವನಿಗೆ, ನಡೆಯುವವನು ಕೂತವನಿಗೆ, ಕಡಿಮೆ ಜನ ಹೆಚ್ಚು ಜನರಿಗೆ, ಕಿರಿಯ ಹಿರಿಯನಿಗೆ. ಮೊದಲ ಎರಡನ್ನು ಗಮನಿಸಿ. ಕುದುರೆಯ ಮೇಲಿರುವವನಿಂದ ನೆಲದವನಿಗೆ ಅಪಾಯ, ನಡೆದು ಬರುವವನಿಂದ ಕೂತವನಿಗೆ ಅಪಾಯ. ಯಾರಿಂದ ಇನ್ನೊಬ್ಬರಿಗೆ ಹೆದರಿಕೆಯೋ ಅವರೇ ಮೊದಲು ಅಭಯ ಹೇಳಬೇಕು ಎಂದು ನಾನು ಇದನ್ನು ಓದುತ್ತೇನೆ. ಯೇಹುವಿನ ರಥ ನೆನಪಿದೆಯಲ್ಲ? ವಯಸ್ಸಿನ ನಿಯಮವನ್ನು ಸ್ವತಃ ಪ್ರವಾದಿಗಳೇ ಮೀರಿದ್ದುಂಟು. ಆಡುತ್ತಿದ್ದ ಮಕ್ಕಳನ್ನು ದಾಟಿ ಹೋಗುವಾಗ ಅವರೇ ಮಕ್ಕಳಿಗೆ ಸಲಾಂ ಹೇಳಿದರೆಂದು ಅವರ ಸೇವೆಯಲ್ಲಿದ್ದ ಅನಸ್ ನೆನಪಿಸಿಕೊಂಡಿದ್ದಾರೆ. ಮಾತುಬಿಟ್ಟ ಇಬ್ಬರ ವಿಷಯದಲ್ಲಂತೂ ನಿಯಮ ಇನ್ನೂ ಬಿಗಿ. ಮೂರು ದಿನಕ್ಕಿಂತ ಹೆಚ್ಚು ಮುಖ ತಿರುಗಿಸಿಕೊಂಡಿರಬಾರದು, ಇಬ್ಬರಲ್ಲಿ ಮೊದಲು ಸಲಾಂ ಹೇಳುವವನೇ ಮೇಲು.

ಈ ವಂದನೆಗೆ ಎಷ್ಟು ತೂಕವಿತ್ತು ಎಂಬುದಕ್ಕೆ ನಾಲ್ಕನೆಯ ಅಧ್ಯಾಯದ 94ನೆಯ ಸೂಕ್ತ ಸಾಕ್ಷಿ. ಅದರ ಹಿನ್ನೆಲೆಯನ್ನು ಇಬ್ನ್ ಅಬ್ಬಾಸ್ ಹೇಳಿದ್ದಾರೆ. ದಂಡೊಂದು ಹೋಗುತ್ತಿದ್ದಾಗ ಕುರಿ ಮಂದೆಯ ಜೊತೆಯಿದ್ದ ಒಬ್ಬ ಎದುರಾಗಿ ಸಲಾಂ ಹೇಳಿದ. ಜೀವ ಉಳಿಸಿಕೊಳ್ಳಲು ಹೇಳುತ್ತಿದ್ದಾನೆ, ನಿಜವಾದ ವಿಶ್ವಾಸಿಯಲ್ಲ ಎಂದುಕೊಂಡು ಅವನನ್ನು ಕೊಂದು ಕುರಿಗಳನ್ನು ಹೊಡೆದುಕೊಂಡು ಬಂದರು. ಆಗ ಬಂದ ಸೂಕ್ತ ಅವರನ್ನು ಗದರಿಸುತ್ತದೆ: ಸಲಾಂ ಹೇಳಿದವನಿಗೆ ನೀನು ವಿಶ್ವಾಸಿಯಲ್ಲ ಎನ್ನಬೇಡಿ, ಲೋಕದ ಸೊತ್ತಿನ ಆಸೆಗೆ ಹಾಗೆ ಮಾಡುತ್ತೀರಿ. ಅವನ ಎದೆಯೊಳಗೆ ಏನಿತ್ತೆಂದು ವಿಚಾರಿಸುವ ಅಧಿಕಾರ ನಿಮಗಿಲ್ಲ, ಬಾಯಿಂದ ಬಂದ ಪದವೇ ಸಾಕು ಎಂಬುದು ಇದರ ತಿರುಳು. ದಾವೀದನ ಕಥೆಯಲ್ಲಿ ಪದಕ್ಕೂ ಮನಸ್ಸಿಗೂ ಇರುವ ಅಂತರ ಊರೀಯನ ಜೀವ ತೆಗೆಯಿತು. ಇಲ್ಲಿ ಅದೇ ಅಂತರವನ್ನು ಹುಡುಕಬೇಡಿ ಎಂದು ಕಾನೂನು ಹೇಳುತ್ತದೆ.

ಪದವೇ ಸಾಕು ಎಂದಮೇಲೆ ಪದವನ್ನು ತಿರುಚುವವರೂ ಇರುತ್ತಾರೆ. ‘ಸಲಾಮು’ ಎಂಬಲ್ಲಿ ಲಕಾರ ನುಂಗಿ ‘ಸಾಮು’ ಎಂದರೆ ಸಾವು ಎಂದಾಗುತ್ತದೆ. ಮದೀನಾದಲ್ಲಿ ವಿರೋಧಿ ಗುಂಪಿನ ಕೆಲವರು ಹಾಗೆ ನುಂಗಿ ಹೇಳಿದರು. ಪ್ರವಾದಿಗಳ ಪತ್ನಿ ಆಯಿಷಾ ಸಿಟ್ಟಿನಿಂದ ಶಾಪ ಸೇರಿಸಿ ತಿರುಗಿ ಹೇಳಿದರು. ಪ್ರವಾದಿಗಳು ಮಾತ್ರ ‘ವ ಅಲೈಕುಂ’, ನಿಮ್ಮ ಮೇಲೂ ಎಂದಷ್ಟೇ ಹೇಳಿ, ಪತ್ನಿಗೆ ಮೃದುವಾಗಿರಲು ಹೇಳಿದರು. ನಿಮ್ಮ ಮೇಲೂ ಎಂಬ ಉತ್ತರ ಸಲಾಮಿಗೆ ಸಲಾಮನ್ನೂ ಸಾಮಿಗೆ ಸಾಮನ್ನೂ ಕೊಟ್ಟುಬಿಡುತ್ತದೆ, ಒಂದು ಕೂದಲೂ ಹೆಚ್ಚಿಲ್ಲದೆ. ಅನ್ಯಧರ್ಮೀಯರಿಗೆ ಮುಸ್ಲಿಮರು ತಾವೇ ಮೊದಲು ಸಲಾಂ ಹೇಳಬಹುದೇ ಎಂಬ ಪ್ರಶ್ನೆಯಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಬೇಡ ಎನ್ನುವ ಹದೀಸೂ ಇದೆ, ಅದು ಯುದ್ಧಕಾಲದ ಮಾತು ಎನ್ನುವ ವ್ಯಾಖ್ಯಾನವೂ ಇದೆ. ಇದನ್ನು ಮುಚ್ಚಿಟ್ಟು ಸಲಾಮನ್ನು ಹೊಗಳುವುದು ಸರಿಯಲ್ಲ. ನಮ್ಮ ಊರುಗಳ ಸಂತೆಯಲ್ಲಿ ‘ಸಲಾಂ ಸಾಬ್ರೆ’, ‘ನಮಸ್ಕಾರ ಗೌಡ್ರೆ’ ಎಂಬ ವಿನಿಮಯ ಈ ಚರ್ಚೆಯ ತೀರ್ಮಾನಕ್ಕೆ ಕಾಯದೆ ನಡೆದುಕೊಂಡು ಬಂದಿದೆ.

ಇನ್ನೊಂದು ಬಳಕೆಯನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ. ಕುರ್‌ಆನಿನಲ್ಲಿ ಸಲಾಂ ದೂರ ಸರಿಯುವ ಮಾತೂ ಹೌದು. ಮೂರ್ಖರು ವಾದಕ್ಕೆ ಎಳೆದಾಗ ಸಜ್ಜನರು ಸಲಾಂ ಎಂದು ಹೋಗಿಬಿಡುತ್ತಾರೆ. ವಿಗ್ರಹ ಬಿಡಲೊಪ್ಪದ ತಂದೆ ಮನೆಯಿಂದ ಹೊರಹಾಕಿದಾಗ ಇಬ್ರಾಹೀಮರು ಹೇಳಿದ್ದೂ ಸಲಾಮೇ. ‘ನಿನಗೊಂದು ದೊಡ್ಡ ನಮಸ್ಕಾರ ಮಾರಾಯ’ ಎಂದು ಕೈ ಮುಗಿದು ಎದ್ದು ಹೋಗುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಸಲಾಮು ಹೊಡೆಯುವುದು’ ಎಂಬ ನಮ್ಮ ನುಡಿಗಟ್ಟು ಮಾತ್ರ ಈ ಯಾವುದರಿಂದಲೂ ಬಂದದ್ದಲ್ಲ. ಅದು ದರ್ಬಾರಿನ ಕೊಡುಗೆ. ಸಮಾನರ ನಡುವಿನ ಮಾತು ಅರಮನೆಯೊಳಗೆ ಹೋಗಿ ಬಗ್ಗಿದ ಬೆನ್ನಾಯಿತು, ಅಲ್ಲಿಂದ ಸಾಹೇಬರ ಕಚೇರಿಗೆ ಬಂತು. ಅಲ್ಲಿ ಉತ್ತರ ಕೊಡಬೇಕಾದ ಕಡ್ಡಾಯವೂ ಇರಲಿಲ್ಲ. ಟಾಲ್ಮುಡ್ಡಿನ ಲೆಕ್ಕದಲ್ಲಿ ಆ ಸಾಹೇಬರು ಏನಾಗುತ್ತಾರೆಂದು ನೀವೇ ಹೇಳಿ.

ಸಮಾನರ ನಡುವಿನ ಮಾತು ಎಂದೆ. ಅಸಮಾನರ ನಡುವೆ ಮರುವಂದನೆ ಏನಾಗುತ್ತದೆ ಎಂಬುದನ್ನು ನೋಡಲು ಸಂಸ್ಕೃತಕ್ಕೆ ಬರಬೇಕು. ‘ಓಂ ಶಾಂತಿಃ’ ಎಂಬುದನ್ನು ಇಲ್ಲಿ ತರುವುದಿಲ್ಲ. ಅದು ಪಾಠದ ಕೊನೆಯಲ್ಲಿ ಹೇಳುವ ಮಾತು, ಎದುರಾದಾಗ ಆಡುವುದಲ್ಲ. ಬ್ರಹ್ಮಕುಮಾರಿಯರು ಅದನ್ನು ವಂದನೆಯಾಗಿ ಬಳಸುತ್ತಾರೆ, ಅದು ಕಳೆದ ಶತಮಾನದ ಬೆಳವಣಿಗೆ. ಹಳೆಯ ವಿಧಿಯೆಂದರೆ ಅಭಿವಾದನ, ಅದಕ್ಕೆ ಪ್ರತ್ಯಭಿವಾದನ. ಕಿರಿಯನು ತನ್ನ ಹೆಸರು ಹೇಳಿ ವಂದಿಸುತ್ತಾನೆ. ಹಿರಿಯನು ಆಯುಷ್ಯ ಹಾರೈಸಿ, ಅವನ ಹೆಸರನ್ನು ಕರೆದು, ಹೆಸರಿನ ಕೊನೆಯ ಸ್ವರವನ್ನು ಮೂರು ಮಾತ್ರೆಯಷ್ಟು ಎಳೆಯಬೇಕು. ದೇವದತ್ತಾಽಽ ಎಂದು ಎಳೆದಾಗ ಆ ಹುಡುಗ ತನ್ನ ಹೆಸರನ್ನು ಹಿರಿಯರ ಬಾಯಲ್ಲಿ ದೀರ್ಘವಾಗಿ ಕೇಳಿಸಿಕೊಳ್ಳುತ್ತಾನೆ. ವಂದನೆಗಿಂತ ಹೆಚ್ಚಿನದು ಹಿಂದಿರುಗಿತು ಎನ್ನುವುದಕ್ಕೆ ಇದಕ್ಕಿಂತ ಸುಂದರವಾದ ರೀತಿ ಇರಲಾರದು. ಈ ಎಳೆತಕ್ಕಾಗಿ ಪಾಣಿನಿ ಎಂಟನೆಯ ಅಧ್ಯಾಯದಲ್ಲಿ ಒಂದು ಸೂತ್ರವನ್ನೇ ಬರೆದ. ಎಳೆಯಲು ಬಾರದ ಹಿರಿಯರನ್ನು ಪತಂಜಲಿ ಮಹಾಭಾಷ್ಯದ ಮೊದಲಿಗೇ ಹಾಸ್ಯ ಮಾಡಿದ್ದಾನೆ. ವ್ಯಾಕರಣ ಓದಬೇಕೇಕೆ ಎಂಬುದಕ್ಕೆ ಅವನು ಕೊಡುವ ಕಾರಣಗಳಲ್ಲಿ ಇದೂ ಒಂದು. ಪ್ರತ್ಯಭಿವಾದನ ಗೊತ್ತಿಲ್ಲದವನನ್ನು ವಂದಿಸಲೇಬಾರದು ಎಂದು ಮನು ಬರೆದಿದ್ದಾನೆ.

ಆದರೆ ಪಾಣಿನಿಯ ಸೂತ್ರ ಎರಡೇ ಪದದ್ದು. ಒಂದು ಪದ ಪ್ರತ್ಯಭಿವಾದನದಲ್ಲಿ ಎಂದು ಹೇಳುತ್ತದೆ. ಇನ್ನೊಂದು ಪದ ಶೂದ್ರನಿಗೆ ಬಿಟ್ಟು ಎಂದು ಹೇಳುತ್ತದೆ. ಆಮೇಲೆ ಬಂದ ವಾರ್ತಿಕ ಆ ಪಟ್ಟಿಗೆ ಹೆಂಗಸರನ್ನೂ ಸೇರಿಸಿತು. ಕುಶಲಪ್ರಶ್ನೆಯಲ್ಲೂ ಮನು ನಾಲ್ಕು ವರ್ಣಕ್ಕೆ ನಾಲ್ಕು ಪದ ಗೊತ್ತುಮಾಡಿದ್ದಾನೆ: ಕುಶಲ, ಅನಾಮಯ, ಕ್ಷೇಮ, ಆರೋಗ್ಯ. ಇವತ್ತು ನಾವು ಒಂದೇ ಉಸಿರಿನಲ್ಲಿ ಕ್ಷೇಮಕುಶಲ ಎನ್ನುವಾಗ ಈ ಬೇಲಿ ಯಾರಿಗೂ ನೆನಪಿರುವುದಿಲ್ಲ, ಒಳ್ಳೆಯದೇ ಆಯಿತು. ವಂದನೆ ಎಲ್ಲರೂ ಮಾಡಬಹುದು; ಮರುವಂದನೆಯ ಪೂರ್ಣ ಪ್ರಮಾಣ ಕೆಲವರಿಗೆ ಮಾತ್ರ ಎಂಬುದು ಆ ವ್ಯವಸ್ಥೆ.

ಹರಳಯ್ಯನ ಕಥೆಯನ್ನು ಈ ಸೂತ್ರದ ಪಕ್ಕದಲ್ಲಿಟ್ಟು ಕೇಳಬೇಕು. ನಿಮಗೆಲ್ಲ ಗೊತ್ತಿರುವ ಕಥೆ, ಪಾಠಾಂತರಗಳು ಹಲವಿವೆ. ಕಲ್ಯಾಣದ ಬೀದಿಯಲ್ಲಿ ಚಮ್ಮಾರ ಹರಳಯ್ಯ ಬಸವಣ್ಣನವರಿಗೆ ‘ಶರಣು’ ಎಂದ. ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದರು. ಒಂದಕ್ಕೆ ಎರಡು. ಹರಳಯ್ಯ ಮನೆಗೆ ಬಂದು ಹೆಂಡತಿ ಕಲ್ಯಾಣಮ್ಮನ ಮುಂದೆ ಕೂತು ಹೇಳಿದ: ಒಂದು ಶರಣಾರ್ಥಿ ಹೆಚ್ಚಾಗಿ ಬಂದುಬಿಟ್ಟಿದೆ, ಈ ಭಾರ ಇಳಿಸುವುದು ಹೇಗೆ? ಗಂಡ ಹೆಂಡತಿ ತಮ್ಮ ತೊಡೆಯ ಚರ್ಮ ಸುಲಿದು, ಹದ ಮಾಡಿ, ಒಂದು ಜೊತೆ ಮೆಟ್ಟು ಹೊಲಿದು ತಂದು ಕೊಟ್ಟರು. ಬಸವಣ್ಣನವರು ಅವನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡರು.

ಈ ಕಥೆಯನ್ನು ಭಕ್ತಿಯ ಕಥೆಯಾಗಿ ಕೇಳುತ್ತ ಬಂದಿದ್ದೇವೆ. ವಂದನೆಯ ಇತಿಹಾಸದಲ್ಲಿ ಅದರ ಜಾಗ ಇನ್ನೂ ದೊಡ್ಡದು. ಉತ್ತಮವಾದದ್ದರಿಂದ ಪ್ರತಿವಂದಿಸಿ ಎಂಬ ಕುರ್‌ಆನಿನ ವಿಧಿಯನ್ನು ಬಸವಣ್ಣನವರು ಯಾವ ವಿಧಿಯ ಒತ್ತಾಯವೂ ಇಲ್ಲದೆ ಪಾಲಿಸಿದರು. ಪಾಣಿನಿಯ ಸೂತ್ರ ಯಾರಿಗೆ ಕೊಡಬೇಡ ಎಂದಿತ್ತೋ ಅವನಿಗೇ ಹೆಚ್ಚಿನದನ್ನು ಕೊಟ್ಟರು. ಅದುವರೆಗೆ ಯಾವ ಹಿರಿಯನಿಂದಲೂ ಮರುವಂದನೆಯನ್ನೇ ಪಡೆಯದ ಮನುಷ್ಯನಿಗೆ ಅದು ಎಷ್ಟು ಭಾರವಾಗಿರಬೇಕು ಎಂಬುದನ್ನು ಜನಪದರು ತೊಡೆಯ ಚರ್ಮದಿಂದ ಅಳೆದು ತೋರಿಸಿದ್ದಾರೆ. ‘ಶರಣು’ ಎಂಬುದಕ್ಕೆ ಶಾಂತಿ ಎಂಬ ಅರ್ಥವಿಲ್ಲ ಎಂದು ನೀವು ಆಕ್ಷೇಪಿಸಬಹುದು. ಅಭಯ ಕೇಳುವ ಮಾತು ಅದು. ಸಲಾಂ ಅಭಯ ಕೊಡುವ ಮಾತಾದರೆ ಶರಣು ಅದನ್ನೇ ಇನ್ನೊಂದು ತುದಿಯಿಂದ ಹಿಡಿಯುತ್ತದೆ. ಇಬ್ಬರೂ ಒಬ್ಬರಲ್ಲೊಬ್ಬರು ಅಭಯ ಕೇಳಿದಾಗ ಕೊಡುವ ಮೇಲಿನವನೇ ಉಳಿಯುವುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಬೇಕಾಗಿದ್ದದ್ದು ಅದು.

ಇಲ್ಲಿಯವರೆಗೆ ನೋಡಿದ ಎಲ್ಲದರಲ್ಲೂ ವಂದನೆ ಕೊಟ್ಟವನಿಗೇ ಹಿಂದಿರುಗುತ್ತದೆ. ಕ್ರೈಸ್ತ ಆರಾಧನೆಯಲ್ಲಿ ಅದು ಬೇರೆ ದಾರಿ ಹಿಡಿಯಿತು. ಲೂಕನ ಸುವಾರ್ತೆಯಲ್ಲಿ ಯೇಸು ಶಿಷ್ಯರನ್ನು ಊರುಗಳಿಗೆ ಕಳಿಸುವಾಗ, ಎಲೀಷನಂತೆಯೇ, ದಾರಿಯಲ್ಲಿ ಯಾರನ್ನೂ ವಂದಿಸಬೇಡಿ ಎನ್ನುತ್ತಾರೆ. ಯಾವ ಮನೆಗೆ ಹೋದರೂ ಮೊದಲು ಈ ಮನೆಗೆ ಶಾಂತಿ ಎನ್ನಿ. ಶಾಂತಿಗೆ ತಕ್ಕವನು ಅಲ್ಲಿದ್ದರೆ ಅದು ಅವನ ಮೇಲೆ ನೆಲೆಸುತ್ತದೆ, ಇಲ್ಲದಿದ್ದರೆ ನಿಮಗೇ ಮರಳಿ ಬರುತ್ತದೆ. ಇಲ್ಲಿ ಮರುಮಾತು ಸಿಗದಿದ್ದರೆ ನಷ್ಟವೂ ಇಲ್ಲ, ದರೋಡೆಯೂ ಇಲ್ಲ. ಕೊಟ್ಟ ಶಾಂತಿ ಕಾಲು ಮೂಡಿ ವಾಪಸು ನಡೆದು ಬರುತ್ತದೆ.

ಆರಂಭದ ಸಭೆಗಳಲ್ಲಿ ಈ ಶಾಂತಿಯನ್ನು ಮುತ್ತಿನ ಮೂಲಕ ಹಂಚುತ್ತಿದ್ದರು. ಪೌಲನು ತನ್ನ ಪತ್ರಗಳಲ್ಲಿ ಪವಿತ್ರ ಮುತ್ತಿನಿಂದ ವಂದಿಸಿರಿ ಎಂದು ಬರೆದ. ಸುಮಾರು ಕ್ರಿ.ಶ. 155ರಲ್ಲಿ ರೋಮಿನಲ್ಲಿ ಬರೆದ ಜಸ್ಟಿನ್, ಪ್ರಾರ್ಥನೆ ಮುಗಿದ ಮೇಲೆ ಮುತ್ತು, ಆಮೇಲೆ ರೊಟ್ಟಿ ಮತ್ತು ದ್ರಾಕ್ಷಾರಸ ಎಂದು ಕ್ರಮವನ್ನು ಹೇಳಿದ್ದಾನೆ. ಕಾಣಿಕೆ ಅರ್ಪಿಸುವ ಮೊದಲು ಸಹೋದರನೊಡನೆ ರಾಜಿಯಾಗು ಎಂಬ ಯೇಸುವಿನ ಮಾತಿಗೆ ಇದು ಒಪ್ಪುತ್ತದೆ. ಪೂರ್ವದ ಸಭೆಗಳು ಇಂದಿಗೂ ಮುತ್ತಿಗೆ ಕಾಣಿಕೆಗೆ ಮುಂಚಿನ ಆ ಜಾಗವನ್ನೇ ಕೊಟ್ಟಿವೆ. ರೋಮಿನಲ್ಲಿ ಮಾತ್ರ ಅದು ಪ್ರಸಾದ ಸ್ವೀಕಾರದ ಹತ್ತಿರಕ್ಕೆ ಸರಿಯಿತು. ಕ್ರಿ.ಶ. 416ರಲ್ಲಿ ಒಂದನೆಯ ಇನೊಸೆಂಟ್ ಪೋಪ್ ಗುಬ್ಬಿಯೋ ಊರಿನ ಬಿಷಪ್ಪರಿಗೆ ಬರೆದ ಪತ್ರದಲ್ಲಿ ಅದಕ್ಕೆ ಕಾರಣ ಕೊಟ್ಟಿದ್ದಾರೆ: ನಡೆದದ್ದೆಲ್ಲಕ್ಕೂ ಜನ ಒಪ್ಪಿದ್ದಾರೆ ಎಂದು ತೋರಿಸುವ ಮುದ್ರೆ ಅದು, ಮುದ್ರೆ ಕೊನೆಯಲ್ಲೇ ಬೀಳಬೇಕು. ಪೂರ್ವದವರಿಗೆ ಶಾಂತಿ ಪೂಜೆಗೆ ಬೇಕಾದ ಅರ್ಹತೆ, ರೋಮಿನವರಿಗೆ ಪೂಜೆಯ ಫಲ.

ಫಲವಾದ ಮೇಲೆ ಅದು ಬಲಿಪೀಠದಿಂದ ಹೊರಡಬೇಕು. ಗುರುಗಳು ಸಹಾಯಕನಿಗೆ, ಅವನು ಮುಂದಿನವನಿಗೆ, ಹೀಗೆ ಸಾಲು ಹಿಡಿದು ಕೊನೆಯವರ ತನಕ. ಪಡೆದವನು ಹಿಂದಕ್ಕೆ ಕೊಡುವುದಕ್ಕಿಂತ ಮುಂದಕ್ಕೆ ದಾಟಿಸುತ್ತಾನೆ. ಋಣ ತೀರುವುದು ಪಕ್ಕದವನಲ್ಲಿ. ಕೇಳಲು ಚೆನ್ನಾಗಿದೆ, ನಡೆದದ್ದು ಬೇರೆ. ಸಾಲು ಎಂದರೆ ಮೊದಲು ಯಾರು ಎಂಬ ಪ್ರಶ್ನೆ ಹುಟ್ಟಿತು. ಹದಿಮೂರನೆಯ ಶತಮಾನದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಒಬ್ಬರನ್ನೊಬ್ಬರು ಮುತ್ತಿಡುವ ಬದಲು ಒಂದು ಫಲಕವನ್ನು ಮುತ್ತಿಡುವ ಪದ್ಧತಿ ಬಂದಿತ್ತು. ಮರ, ದಂತ, ಬೆಳ್ಳಿಯಲ್ಲಿ ಮಾಡಿ, ಕ್ರಿಸ್ತನ ಚಿತ್ರ ಕೆತ್ತಿದ ಫಲಕ. ಅದನ್ನು ತಾನು ಮೊದಲು ಮುತ್ತಿಡಬೇಕು, ನೆರೆಯವನಿಗಿಂತ ಹಿಂದೆ ಬೀಳಬಾರದು ಎಂದು ಜನ ಹಟ ಹಿಡಿಯುತ್ತಿದ್ದರು. ಹದಿನಾಲ್ಕನೆಯ ಶತಮಾನದ ಕವಿ ಚಾಸರ್ ತನ್ನ ಪಾದ್ರಿಯ ಬಾಯಲ್ಲಿ ಇದನ್ನು ಗರ್ವದ ಒಂದು ಬಗೆ ಎಂದು ಹೇಳಿಸಿದ್ದಾನೆ. ಜಾತ್ರೆಯಲ್ಲಿ ಮೊದಲ ಮರ್ಯಾದೆ ಯಾರಿಗೆ ಎಂದು ಕೋರ್ಟಿಗೆ ಹೋದವರನ್ನು ಕಂಡ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಎರಡನೆಯ ವ್ಯಾಟಿಕನ್ ಪರಿಷತ್ತಿನ ನಂತರ ಪೂಜಾವಿಧಿ ಪರಿಷ್ಕಾರವಾದಾಗ ಶಾಂತಿಯ ಕುರುಹು ಇಡೀ ಸಭೆಗೆ ಮರಳಿ ಬಂತು. ಭಾರತದಲ್ಲಿ ಮುತ್ತೂ ಸಲ್ಲದು, ಅಪ್ಪುಗೆಯೂ ಸಲ್ಲದು, ಗಂಡು ಹೆಣ್ಣು ಬೆರೆತ ಸಭೆಯಲ್ಲಿ ಕೈಕುಲುಕುವುದೂ ಮುಜುಗರ. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಷ್ಟ್ರೀಯ ಬೈಬಲ್, ಧರ್ಮಬೋಧನೆ ಮತ್ತು ಪೂಜಾವಿಧಿ ಕೇಂದ್ರದ ಫಾದರ್ ಡಿ. ಎಸ್. ಅಮಲೋರ್‌ಪವದಾಸ್ ಈ ಕಾಲದ ಭಾರತೀಕರಣದ ಮುಂದಾಳು. 1969ರ ಏಪ್ರಿಲ್ 25ರಂದು ರೋಮ್ ಭಾರತಕ್ಕೆ ಹನ್ನೆರಡು ಬದಲಾವಣೆಗಳನ್ನು ಒಪ್ಪಿತು. ಅದರಲ್ಲಿ ಒಂದು, ಶಾಂತಿಯ ಮುತ್ತಿನ ಬದಲು ಅಂಜಲಿಹಸ್ತ, ಅಂದರೆ ಕೈಮುಗಿಯುವುದು. ಅಥವಾ ಕೊಡುವವನ ಕೈಗಳನ್ನು ಪಡೆಯುವವನು ತನ್ನ ಎರಡು ಅಂಗೈಗಳ ನಡುವೆ ಹಿಡಿಯುವುದು. ಎರಡನೆಯದು ಕೇರಳದ ಸುರಿಯಾನಿ ಕ್ರೈಸ್ತರ ಹಳೆಯ ಪದ್ಧತಿಯ ಹಾಗೇ ಇದೆ. ಅಲ್ಲಿ ಬಲಿಪೀಠದಿಂದ ಬಂದ ಶಾಂತಿ ಅಂಗೈಯಿಂದ ಅಂಗೈಗೆ ಸಾಗಿ ಹಿಂದಿನ ಸಾಲಿನವರೆಗೆ ತಲುಪುತ್ತದೆ. ಈ ಹನ್ನೆರಡು ಬದಲಾವಣೆಗಳು ಹಿಂದೂಕರಣ ಎಂದು ಕಥೋಲಿಕರಲ್ಲೇ ಕೆಲವರು ಬಲವಾಗಿ ವಿರೋಧಿಸಿದರು. ಅಮಲೋರ್‌ಪವದಾಸ್ ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಅಧ್ಯಯನ ವಿಭಾಗ ಕಟ್ಟಿದರು. ಮೈಸೂರಿನಲ್ಲಿ ಅವರು ಕಟ್ಟಿದ ಆಶ್ರಮದ ಹೆಸರು ಅಂಜಲಿ. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಕೈಮುಗಿಯುವುದರಿಂದ ಒಂದು ಲಾಭವೂ ಒಂದು ನಷ್ಟವೂ ಆಯಿತೆಂದು ನನ್ನ ಅಭಿಪ್ರಾಯ. ಇಬ್ಬರೂ ಒಂದೇ ಸಲ ಮುಗಿಯುವುದರಿಂದ ಮೊದಲು ಯಾರು, ಆಮೇಲೆ ಯಾರು ಎಂಬ ಜಗಳ ಇಲ್ಲವಾಯಿತು. ಹಾಗೆಯೇ ಕೊಟ್ಟದ್ದು ಯಾವುದು, ಹಿಂದಿರುಗಿಸಿದ್ದು ಯಾವುದು ಎಂಬ ಗುರುತೂ ಹೋಯಿತು. ಮುಟ್ಟಿ ದಾಟಿಸುವ ಅಂಗೈಯ ಪದ್ಧತಿಯೇ ಹೆಚ್ಚು ಅರ್ಥವತ್ತಾದದ್ದು ಎಂಬುದು ನನ್ನ ಒಲವು. 2014ರಲ್ಲಿ ರೋಮ್ ಒಂದು ಸುತ್ತೋಲೆ ಹೊರಡಿಸಿ, ಶಾಂತಿಯ ಕುರುಹಿನ ಹೊತ್ತಿನಲ್ಲಿ ಜಾಗ ಬಿಟ್ಟು ಓಡಾಡಬೇಡಿ, ಮದುವೆಯ ಪೂಜೆಯಲ್ಲಿ ಅದನ್ನು ಅಭಿನಂದನೆಗೆ, ಸಾವಿನ ಪೂಜೆಯಲ್ಲಿ ಸಂತಾಪಕ್ಕೆ ಬಳಸಬೇಡಿ ಎಂದು ತಾಕೀತು ಮಾಡಿತು. ಅಂದರೆ ಶಾಂತಿಯ ಮಾತು ಮತ್ತೆ ‘ಹೇಗಿದ್ದೀರಿ’ ಎಂಬ ಮಾತಾಗಿ ಕರಗುತ್ತಿತ್ತು. 2020 ಮತ್ತು 2021ರ ಸೋಂಕಿನ ದಿನಗಳಲ್ಲಿ ಎಷ್ಟೋ ದೇಶಗಳ ಚರ್ಚುಗಳು ಕೈಕುಲುಕುವುದನ್ನು ನಿಲ್ಲಿಸಿ ಏನು ಮಾಡುವುದೆಂದು ತಡಕಾಡಿದವು. ನಮ್ಮ ಚರ್ಚುಗಳಲ್ಲಿ ಅದಕ್ಕಾಗಿ ಹೊಸದೇನನ್ನೂ ಹುಡುಕಬೇಕಾಗಿರಲಿಲ್ಲ. 1969ರ ಅನುಮತಿ ಕೈಯಲ್ಲಿತ್ತು.

ಸಿಖ್ಖರ, ಜೈನರ, ಬೌದ್ಧರ ವಂದನೆಗಳನ್ನು ನಾನು ಮುಟ್ಟಲಿಲ್ಲ. ಅವುಗಳಲ್ಲಿ ಮುಖ್ಯವಾದವು ಶಾಂತಿಯನ್ನು ಕೋರುವ ಮಾತುಗಳಲ್ಲ. ಸತ್ಯವನ್ನು, ಜಿನನನ್ನು, ಬುದ್ಧನನ್ನು ನೆನೆಯುವ ಮಾತುಗಳು. ಅವಕ್ಕೆ ಬೇರೆಯೇ ಉಪನ್ಯಾಸ ಬೇಕು. ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ವಿಷಯವನ್ನು ಮುಂದುವರಿಸುವುದಾದರೆ ಒಂದು ಕೆಲಸ ಬಾಕಿಯಿದೆ: ಬ್ಯಾರಿ, ಕೊಂಕಣಿ, ದಖನಿ ಉರ್ದು, ತುಳು ಆಡುವ ನಮ್ಮ ಊರುಗಳಲ್ಲಿ ಯಾರು ಯಾರಿಗೆ ಮೊದಲು ಹೇಳುತ್ತಾರೆ, ಉತ್ತರ ಯಾವ ಮಾತಿನಲ್ಲಿ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದನ್ನು ಸಂತೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಕೂತು ಬರೆದುಕೊಳ್ಳಿ. ಮೊದಲ ಮಾತಿಗಿಂತ ಎರಡನೆಯ ಮಾತನ್ನು ಗಮನವಿಟ್ಟು ಬರೆದುಕೊಳ್ಳಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.